ಹೊಳೆ ದಾಟದೆ ಅದರ ಅಗಲ ಅಳೆಯುವುದು

ಪ್ರಶ್ನೆ: ಟೇಪ್ ಇಲ್ಲ, ನೀರಿಗೆ ಇಳಿಯುವಂತಿಲ್ಲ. ಈ ದಡದಲ್ಲೇ ನಿಂತು ನದಿಯ ಅಗಲ ಕಂಡುಹಿಡಿಯಬಹುದೇ?

ಖಂಡಿತ. ಎದುರು ದಡದ ಅಂಚಿನಲ್ಲಿರುವ ಒಂದು ಮರವನ್ನು (ಅ) ಗುರುತಿಟ್ಟುಕೊಳ್ಳಿ. ಅದಕ್ಕೆ ನೇರ ಎದುರಾಗಿ, ನೀರಿನಂಚಿನಲ್ಲಿ (ಬ) ನಿಲ್ಲಿ. ಅಲ್ಲಿಂದ ದಡದುದ್ದಕ್ಕೂ ನೇರವಾಗಿ 40 ಹೆಜ್ಜೆ ನಡೆದು ಒಂದು ಕೋಲು (ಕ) ನೆಡಿ. ಅದೇ ಗೆರೆಯಲ್ಲಿ ಇನ್ನೂ 10 ಹೆಜ್ಜೆ ಹೋಗಿ (ಡ), ನದಿಗೆ ಬೆನ್ನು ಹಾಕಿ ನೇರ ಒಳಕ್ಕೆ ನಡೆಯಿರಿ. ಆಗಾಗ ತಿರುಗಿ ನೋಡುತ್ತಿರಿ. ಕೋಲು ಸರಿಯಾಗಿ ಮರಕ್ಕೆ ಅಡ್ಡ ಬಂದ ಜಾಗವೇ ಇ.

ಅಬಕ, ಇಡಕ ಸಮರೂಪ ತ್ರಿಭುಜಗಳು. ಬಕ ದೂರ ಕಡ ದೂರದ 4 ಪಟ್ಟು, ಆದ್ದರಿಂದ ಅಗಲವೂ ಡಇ ದೂರದ 4 ಪಟ್ಟು. ಡಯಿಂದ ಇಗೆ 13 ಹೆಜ್ಜೆಯಾದರೆ ಅಗಲ 52 ಹೆಜ್ಜೆ. ನಿಮ್ಮ ಹೆಜ್ಜೆ 75 ಸೆಂ.ಮೀ. ಇದ್ದರೆ 39 ಮೀಟರ್.

ಎಚ್ಚರ ಬೇಕಾದದ್ದು ಬ, ಡ ಎರಡರ ಬಳಿಯೂ. ಯಾವುದೇ ಒಂದು ಕಡೆ ಲಂಬಕೋನ ತಪ್ಪಿ ಡಇ ಗೆರೆ ಅಬಗೆ ಸಮಾಂತರವಾಗಿರದೆ 5 ಡಿಗ್ರಿ ವಾಲಿದರೂ ಉತ್ತರ ಸುಮಾರು ಶೇ. 10ರಷ್ಟು ಕೆಡುತ್ತದೆ. ಹಗ್ಗದಲ್ಲಿ 3-4-5 ಅಳತೆಯ ತ್ರಿಭುಜ ಮಾಡಿ ಎರಡೂ ಕಡೆ ಲಂಬಕೋನ ಹಿಡಿಯುವುದು ಒಳ್ಳೆಯದು. ಡಇಯಲ್ಲಿ ಒಂದು ಹೆಜ್ಜೆ ಎಣಿಕೆ ತಪ್ಪಿದರೆ ಅಗಲದಲ್ಲಿ ನಾಲ್ಕು ತಪ್ಪುತ್ತದೆ. ಒಳಗೆ ಜಾಗ ಇದ್ದರೆ ಕಡ ದೂರವನ್ನು 20 ಹೆಜ್ಜೆ ಮಾಡಿ, ಆಗ ಎರಡೇ ಪಟ್ಟು.