ಸಂಖ್ಯೆ ಮುಚ್ಚಿಟ್ಟು ಓದು ಅಂದೆ

ಹುಡುಗ ದಾವಣಗೆರೆಯಲ್ಲಿ ಪದವಿ ಓದುತ್ತಿದ್ದಾನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಫೇಲ್. ಪರೀಕ್ಷೆ ಭಯ ಅಂತ ಮನೆಯವರು ಕಳಿಸಿದ್ದರು. "ಮೇಡಂ, ಲೆಕ್ಕ ಬರುತ್ತೆ, ಮೊದಲ ಎರಡು ಸಾಲು, H0 ಮತ್ತು H1, ಬರೆಯೋಕೇ ಬರಲ್ಲ" ಅಂದ. ನಾನು ಮೊದಲು ಇದೇ ಪಾಠ ಮಾಡುತ್ತಿದ್ದವಳು, ಹಾಗಾಗಿ ಭಯದ ಮಾತು ಆಮೇಲೆ ಅಂತ ನೋಟ್‌ಬುಕ್ ತೆಗೆಸಿದೆ.

ನಮ್ಮೂರ ಮಂಡಕ್ಕಿ ಭಟ್ಟಿಯದ್ದೇ ಒಂದು ಲೆಕ್ಕ ಕೊಟ್ಟೆ. ಪ್ಯಾಕೆಟ್‌ನ ಸರಾಸರಿ ತೂಕ ಕನಿಷ್ಠ 500 ಗ್ರಾಂ ಅಂತ ಮಾಲೀಕರು ಹೇಳುತ್ತಾರೆ, ಕಡಿಮೆ ಇದೆ ಅಂತ ಗಿರಾಕಿಗಳ ಅನುಮಾನ. 36 ಪ್ಯಾಕೆಟ್ ತೂಗಿದರೆ ಸರಾಸರಿ 496.5 ಬಂತು. ಪ್ರಮಾಣ ವಿಚಲನೆ 12 ಅಂತ ಗೊತ್ತಿದೆ. 5% ಮಟ್ಟದಲ್ಲಿ ಪರೀಕ್ಷಿಸಬೇಕು.

ಪರ್ಯಾಯ ಪ್ರಾಕ್ಕಲ್ಪನೆ, ಅಂದರೆ ಅನುಮಾನದ ಮಾತು, ಅಂತ ಅವನು ಬರೆದದ್ದು `H1: μ ≥ 500`; μ ಅಂದರೆ ಎಲ್ಲ ಪ್ಯಾಕೆಟ್‌ಗಳ ನಿಜವಾದ ಸರಾಸರಿ. ಯಾಕಪ್ಪಾ ಅಂದರೆ, "ಯಾರಾದ್ರೂ ಏನಾದ್ರೂ ಹೇಳಿದ್ರೆ ಅದು H1 ಅಂತ ಟ್ಯೂಷನ್‌ನಲ್ಲಿ ಹೇಳಿದ್ದಾರೆ." ಇಲ್ಲೇ ಎಡವಟ್ಟು. ಯಾರು ಹೇಳಿದರು ಅನ್ನುವುದು ಮುಖ್ಯವಲ್ಲ, ಸಮ ಅನ್ನುವ ಗುರುತು ಎಲ್ಲಿದೆ ನೋಡಬೇಕು. "ಕನಿಷ್ಠ" ಅಂದರೆ 500 ಕೂಡ ಸೇರಿತು, ಅಲ್ವಾ? ಸಮ ಇರುವ ಮಾತು ಯಾವಾಗಲೂ ಶೂನ್ಯ ಪ್ರಾಕ್ಕಲ್ಪನೆಗೆ, ಅಂದರೆ H0ಗೆ, ಹೋಗಬೇಕು, ಯಾಕಂದರೆ z ಲೆಕ್ಕ ಹಾಕಲು ನಿಲ್ಲೋಕೆ ಒಂದು ಖಚಿತ ಸಂಖ್ಯೆ ಬೇಕು, ಅದು ಆ 500.

ತಕ್ಷಣ ಅಳಿಸಿ ಹೀಗೆ ಬರೆದ:

```
H0: μ ≥ 500
H1: μ < 500
```

ಸರಿ ಉತ್ತರ, ಆದರೆ ಕೊಟ್ಟ ಕಾರಣ ತಪ್ಪು: "496.5 ಕಡಿಮೆ ಇದೆಯಲ್ಲ ಮೇಡಂ." ದಿಕ್ಕು ಬರಬೇಕಾದ್ದು ಗಿರಾಕಿಯ ಅನುಮಾನದಿಂದ, ತಕ್ಕಡಿಯಿಂದಲ್ಲ. ತೂಕ ನೋಡಿ ಆಮೇಲೆ ಬದಿ ಆರಿಸಿದರೆ, ಜಾಸ್ತಿ ಬಂದಿದ್ದರೆ ಆ ಕಡೆ, ಕಡಿಮೆ ಬಂದಿದ್ದರೆ ಈ ಕಡೆ ಅಂತ ಎರಡೂ ಬದಿಗೆ 5% ಇಟ್ಟ ಹಾಗಾಯಿತು. 500 ನಿಜವಾಗಿದ್ದರೂ ತಪ್ಪಾಗಿ ತಿರಸ್ಕರಿಸುವ ಸಾಧ್ಯತೆ 10% ಆಗುತ್ತದೆ.

ಅವನು ಸುಮ್ನೆ ತಲೆಯಾಡಿಸಿದ, ನಂಬಿಕೆ ಬರಲಿಲ್ಲ. ಲೆಕ್ಕ ಮಾಡಿಸಿದೆ.

```
z = (496.5 - 500) / (12/√36) = -1.75
```

ಒಂದೇ ಬದಿಯಾದರೆ ಗಡಿ −1.645, ದಾಟಿದೆ, ಶೂನ್ಯ ಪ್ರಾಕ್ಕಲ್ಪನೆ ತಿರಸ್ಕಾರ. ಎರಡು ಬದಿಯಾದರೆ ಗಡಿ ±1.96, ದಾಟಿಲ್ಲ. "ಅದೇ ಪ್ಯಾಕೆಟ್ಟಿಗೆ ಎರಡು ಉತ್ತರನಾ?" ಅಂತ ಪೆನ್ನು ಕೆಳಗಿಟ್ಟ. ಹೌದು, ಪ್ರಶ್ನೆಯೇ ಬೇರೆ. ಗಿರಾಕಿಗೆ ಕಡಿಮೆಯಾದರೆ ಮಾತ್ರ ನಷ್ಟ. ಮಂಡಕ್ಕಿ ಸುಮ್ನೆ ಜಾಸ್ತಿ ಹೋಗುತ್ತಿದೆಯಾ ಅಂತ ಯೋಚಿಸುವ ಮಾಲೀಕನಿಗೆ `μ > 500`. ಮಷೀನ್ ಸರಿ ಇದೆಯಾ ಅಂತ ನೋಡುವವನಿಗೆ ಎರಡು ಕಡೆಯೂ ತೊಂದರೆ, ಅವನಿಗೆ `μ ≠ 500`. ಅವನ ಪರೀಕ್ಷೆಯಲ್ಲಿ ತಿರಸ್ಕಾರ ಆಗಲಿಲ್ಲ ಅಂದಮಾತ್ರಕ್ಕೆ ತೂಕ 500 ಅಂತ ಸಾಬೀತಾಗಲಿಲ್ಲ, ಇಷ್ಟು ಪ್ಯಾಕೆಟ್ಟಿನಿಂದ ಹೇಳಲಾಗದು ಅಷ್ಟೇ.

ಕೊಟ್ಟ ಸಲಹೆ ಒಂದೇ. ಸ್ಯಾಂಪಲ್ ಸರಾಸರಿ ಇರುವ ಸಾಲಿನ ಮೇಲೆ ಚೀಟಿ ಇಟ್ಟು ಮುಚ್ಚು, ಯಾರಿಗೆ ಏನು ಅನುಮಾನ ಅಂತ ಕನ್ನಡದಲ್ಲಿ ಒಂದು ಸಾಲು ಬರಿ, ಆಮೇಲೆ H1, ಕೊನೆಗೆ H0.

ಮುಂದಿನ ವಾರ ಐದು ಲೆಕ್ಕ ಮಾಡಿ ತಂದ, ನಾಲ್ಕು ಸರಿ. ಐದನೆಯದರಲ್ಲಿ "ಹೊಸ ಗೊಬ್ಬರದಿಂದ ಇಳುವರಿ ಬದಲಾಗಿದೆಯೇ" ಅಂತಿತ್ತು, ಇವನು `>` ಹಾಕಿದ್ದ. "ಗೊಬ್ಬರ ಹಾಕಿದ್ರೆ ಜಾಸ್ತಿ ಆಗ್ಲೇಬೇಕಲ್ಲ ಮೇಡಂ" ಅಂದ, ರೈತರ ಮನೆ ಹುಡುಗ.