ತಿಂಡಿಗೆ ಮೊಟ್ಟೆ, ಮಧ್ಯಾಹ್ನದ ಹಸಿವು

ಬೆಳಗ್ಗೆ ಮೊಟ್ಟೆ ತಿಂದ್ರೆ ಆಮೇಲೆ ಹಸಿವು ಕಡಿಮೆ ಆಗಿ ತೂಕ ಇಳಿಯುತ್ತಾ?

ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ, ನಿಜ. ಆದರೆ ಅಷ್ಟರಿಂದಲೇ ತೂಕ ಇಳಿಯುವುದಿಲ್ಲ. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇರುತ್ತದೆ. ಪ್ರೋಟೀನ್ ಸಿಕ್ಕಾಗ ಕರುಳು ‘ಸಾಕು’ ಅನ್ನುವ ಸಂದೇಶವನ್ನು ಮಿದುಳಿಗೆ ಜಾಸ್ತಿ ಕಳಿಸುತ್ತದೆ. ಹಾಗಾಗಿ ಹನ್ನೊಂದು ಗಂಟೆಗೆ ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುವುದು ಕಡಿಮೆ.

ಅಮೆರಿಕದಲ್ಲಿ 8 ವಾರ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಷ್ಟೇ ಕ್ಯಾಲೊರಿಯ ಬೇಗಲ್ (ಗಟ್ಟಿ ಬನ್ನು) ತಿಂದವರಿಗಿಂತ ಮೊಟ್ಟೆ ತಿಂದವರ ತೂಕ ಜಾಸ್ತಿ ಇಳಿಯಿತು. ಅದೂ ದಿನದ ಒಟ್ಟು ಊಟ ಕಡಿಮೆ ಮಾಡಿದ ಗುಂಪಿನಲ್ಲಿ ಮಾತ್ರ!

ನಾಲ್ಕು ಇಡ್ಲಿಯ ಮೇಲೆ ಎರಡು ಮೊಟ್ಟೆ ತಿಂದರೆ ಲೆಕ್ಕ ಕೆಡುತ್ತದೆ ಅಲ್ವಾ? ಒಂದು ಇಡ್ಲಿ, ಎರಡು ಬೇಯಿಸಿದ ಮೊಟ್ಟೆ ತಿನ್ನಿ. ಆಮ್ಲೆಟ್ಟಿಗೆ ಸುರಿಯುವ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಒಂದೂವರೆ ಮೊಟ್ಟೆಯಷ್ಟು ಕ್ಯಾಲೊರಿ ಇರುತ್ತದೆ.