ನಾಯಿಯ ಅಂಗಾಲಿನ ಸಣ್ಣ ಗಾಯಕ್ಕೆ ಪಟ್ಟಿ ಕಟ್ಟುವ ಬಗೆ

ನಾಯಿಗಾಗಿ ಮನೆಯಲ್ಲಿ ಪ್ರಥಮ ಚಿಕಿತ್ಸೆಗೆ ಏನೇನು ಇಟ್ಟುಕೊಳ್ಳಬೇಕು? ಅಂಗಾಲು ಕೊಯ್ದುಕೊಂಡರೆ ತೊಳೆದು ಕಟ್ಟುವುದು ಹೇಗೆ?

ಸಲೈನ್, ಗಾಯಕ್ಕೆ ಅಂಟದ ಗಾಜ್ ಬಟ್ಟೆ, ಹತ್ತಿಯ ಸುರುಳಿ, ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜ್, ಮೊಂಡುತುದಿಯ ಕತ್ತರಿ, ಚಿಮುಟ ಮತ್ತು ಬಾಯಿಗೆ ಹಾಕುವ ಕುಕ್ಕೆ ಇದ್ದರೆ ಸಾಕು. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚಬಹುದಾದ್ದರಿಂದ ಕುಕ್ಕೆಯನ್ನು ಕೈಬಿಡಬಾರದು.

ರಕ್ತ ಬರುತ್ತಿದ್ದರೆ ಗಾಜ್ ಬಟ್ಟೆಯನ್ನು ಗಾಯದ ಮೇಲಿಟ್ಟು, ನಡುವೆ ಎತ್ತಿ ನೋಡದೆ, ಐದು ನಿಮಿಷ ಒತ್ತಿ ಹಿಡಿಯಬೇಕು. ನಿಂತ ಮೇಲೆ ಮಣ್ಣು, ಕೂದಲು ಹೋಗುವವರೆಗೆ ಸಲೈನ್ ಹರಿಸಿ ತೊಳೆಯಬೇಕು. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸ್ಪಿರಿಟ್ ಗಾಯವನ್ನು ಮಾಯಿಸುವ ಜೀವಕೋಶಗಳನ್ನೂ ಕೊಲ್ಲುವುದರಿಂದ ಅವು ಬೇಡ.

ಬೆರಳುಗಳ ಸಂದಿಯನ್ನು ಒರೆಸಿ ತೆಳುವಾಗಿ ಹತ್ತಿಯಿಡಿ; ಗಾಯದ ಮೇಲೆ ಗಾಜ್ ಬಟ್ಟೆ, ಅದರ ಸುತ್ತ ಹತ್ತಿ, ಕೊನೆಗೆ ಬ್ಯಾಂಡೇಜನ್ನು ಬೆರಳುಗಳ ಕಡೆಯಿಂದ ಮೇಲಕ್ಕೆ, ಎಳೆಯದೆ ಸುತ್ತಿ. ಹೆಚ್ಚಿನವರು ಎಡವುವುದು ಇಲ್ಲಿಯೇ: ಬಿಗಿಯಾದ ಕಟ್ಟು ರಕ್ತ ಹಿಂದಿರುಗುವುದನ್ನು ತಡೆಯುವುದರಿಂದ ಪಾದ ಊದಿಕೊಳ್ಳುತ್ತದೆ. ನಡುವಿನ ಎರಡು ಬೆರಳುಗಳ ತುದಿ ಹೊರಗೆ ಕಾಣುವಂತಿರಲಿ. ಆ ಉಗುರುಗಳು ಒಂದರಿಂದೊಂದು ದೂರ ಸರಿದರೆ ಅಥವಾ ಬೆರಳು ತಣ್ಣಗಾದರೆ ಕೂಡಲೇ ಬಿಚ್ಚಬೇಕು. ಕಟ್ಟನ್ನು ದಿನಕ್ಕೊಮ್ಮೆ, ಒದ್ದೆಯಾದರೆ ತಕ್ಷಣವೇ ಬದಲಿಸಿ.

ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಗಾಯ ಬಾಯ್ದೆರೆದಿದ್ದರೆ ಅಥವಾ ಅದು ಇನ್ನೊಂದು ಪ್ರಾಣಿಯ ಕಡಿತವಾಗಿದ್ದರೆ, ಹೊರಗೆ ಎಷ್ಟೇ ಚಿಕ್ಕದಾಗಿ ಕಂಡರೂ, ಪಶುವೈದ್ಯರಿಗೆ ತೋರಿಸಬೇಕು.